ಈ ಪಲ್ಸ್ ಯಾವಾಗ ಹುಟ್ಟತೈತ್ರಿ, ಸರ್

ಕ್ಲಾಸಿನ್ಯಾಗ ಕಂಚಿನ ತಾಟ ಬಡದ ಸಪ್ಪಳ ಕೇಳಿ, ಊಟಕ್ಕ ಕರ್ಯಾಕತ್ತಾರ ಅಂತ ತಿಳ್ಕೊಂಡು, ನಿದ್ದಿಗಣ್ಣಾಗ ಎದ್ದು ಕೈ ತೊಳ್ಯಾಕ ಹೊಂಟ ವಿದ್ಯಾರ್ಥಿ ಚಿಕ್ಕೋಡಿ ಇತಿಹಾಸದಾಗ ನಾ ಒಬ್ಬನ ಇರಬೇಕು. ಬಾಗಿಲ ತನಕ ಹೋಗಿದ್ದೆ. ಹಿಂದಿಂದ ಸರ್ ಅಂದ್ರು, "ಬೇಟಾ, ಅನ್ನ ಇನ್ನೂ ಆಗಿಲ್ಲ. ಕೂಡು. ಮೊದಲ ಫೋರಿಯರ್ ಉಣ್ಣು."

ಅವರು ನಮಗ ಸಿಗ್ನಲ್ಸ್ ವಿಷಯ ಕಲಸಾಕ ಬಂದ ಮೊದಲನೇ ದಿನದ ಮಾತಿದು. ತೊಂಬತ್ತರ ದಶಕ ಆಗ ಶುರು ಆಗಿತ್ತು. ನಮ್ಮ ಇಂಜಿನಿಯರಿಂಗ್ ಕಾಲೇಜು ಹೊಸಾದು, ಕಟ್ಟಡಕ್ಕಿಂತ ಬೋರ್ಡ ದೊಡ್ಡದು. ಅರ್ಧ ಗೋಡಿಗೆ ಗಿಲಾವ ಆಗಿದ್ದಿಲ್ಲ. ಲ್ಯಾಬಿನ್ಯಾಗ ಒಂದ ಆಸಿಲೋಸ್ಕೋಪ್ ಇತ್ತು, ಅದೂ ತನಗ ಮನಸ ಬಂದಾಗಷ್ಟ ಗೆರಿ ತೋರಸತಿತ್ತು. ನಾ ಅಥಣಿ ಕಡೆ ದ್ರಾಕ್ಷಿ ತೋಟದ ಮನಿಯಿಂದ ಬಂದಾಂವ. ಎಲೆಕ್ಟ್ರಾನಿಕ್ಸ್ ಅಂದ್ರ ಟಿ.ವಿ. ರಿಪೇರಿ ಅಂತ ನಾನೂ ತಿಳ್ಕೊಂಡಿದ್ದೆ, ನಮ್ಮ ಅಪ್ಪನೂ ತಿಳ್ಕೊಂಡಿದ್ದ. ಅದು ಅಲ್ಲ ಅಂತ ನನಗ ಗೊತ್ತಾದ್ದು ಮೂರನೇ ಸೆಮಿಸ್ಟರಿನ್ಯಾಗ. ಅಪ್ಪಗ ನಾ ಇನ್ನೂ ಹೇಳಿಲ್ಲ.

ಸರ್ ಕುಡಚಿಯವರು. ದಿನಾ ಮುಂಜಾನೆ ಬಸ್ ಹತ್ತಿ, ರಾಯಬಾಗದ ಮ್ಯಾಲ ಹಾದು ಚಿಕ್ಕೋಡಿಗೆ ಬರತಿದ್ರು. ಅವರ ಅಣ್ಣಂದು ಕುಡಚಿ ಬಾಜಾರದಾಗ ಭಾಂಡೆ ಅಂಗಡಿ. ಆ ಕಂಚಿನ ತಾಟ ಅಲ್ಲೀದ, ಅಂಚಿಗೆ ತೂತ ಮಾಡಿ ಸಣ್ಣ ಹುರಿ ಕಟ್ಟಿದ್ರು. ಪಿಶವಿಯಿಂದ ಅದನ್ನ ತಗದು, ಹುರಿ ಹಿಡಿದು ಗಾಳ್ಯಾಗ ಇಳಿಬಿಟ್ಟು, ಡಸ್ಟರಿನ ಕಟ್ಟಗಿ ಬದಿಯಿಂದ ಒಂದ ಬಾರಿ ಬಡದು ಸುಮ್ಮ ನಿಲ್ಲತಿದ್ರು. ಠಣ್ಣ್ ಅಂತ ಏಳತಿತ್ತು, ಆಮ್ಯಾಲ ಇಳಕೋತ, ಇಳಕೋತ, ಇನ್ನೂ ಐತೋ ಇಲ್ಲೋ ಅನ್ನೂಹಂಗ.

"ಈಗ ನಿಂತಿತು ಅಂತ ಯಾವಾಗ ಹೇಳತೀರಿ?" ಅಂತ ಕೇಳತಿದ್ರು.

"ಸಪ್ಪಳ ಬಂದ್ ಆದಾಗ್ರಿ ಸರ್," ನಮ್ಮ ಬೆಂಚಿನ ಗೆಳ್ಯಾ ಹೇಳಿದ. ಬೋರಗಾಂವದಾಂವ, ಮನ್ಯಾಗ ಪವರ್‌ಲೂಮ್ ಅದಾವು, ಹುಟ್ಟಿದಾಗಿಂದ ಖಟಪಟ ಸಪ್ಪಳದಾಗ ಬೆಳದಾಂವ. ಅಂವಗ ಸಪ್ಪಳ ನಿಲ್ಲೂದಂದ್ರ ಕರೆಂಟ್ ಹೋಗೂದು.

"ನಿನ್ನ ಕಿವಿ ಸೋತಿತು, ಸಪ್ಪಳ ನಿಂತಿಲ್ಲ. ಗಣಿತದಾಗ ಇದು ಪೂರಾ ಸೊನ್ನಿ ಎಂದೂ ಆಗೂದಿಲ್ಲ. ಕಡಿಮಿ ಆಗಕೋತ ಹೋಗತೈತಿ, ಅಷ್ಟ."

ಆಮ್ಯಾಲ ಬೋರ್ಡಿನ ಮ್ಯಾಲ ಒಂದು ಗೆರಿ ತಗೀತಿದ್ರು. ಸೊನ್ನಿ ವ್ಯಾಳ್ಯಾಕ್ಕ ಸರ್ರನ ಮ್ಯಾಲ ಏರಿ, ಅಲ್ಲಿಂದ ಮೆತ್ತಗ ಇಳಿಯೂ ಗೆರಿ. ಅದರ ಹೆಸರು ಇಳಿಯೂ ಪಲ್ಸ್. ಎಷ್ಟ ಜಲ್ದಿ ಇಳೀತೈತಿ ಅನ್ನೂದಕ್ಕ ಒಂದು ಅಂಕಿ, ಅದಕ್ಕ 'ಎ' ಅಂತ ಕರೀತಿದ್ರು. ಎ ದೊಡ್ಡದಾದ್ರ ಜಲ್ದಿ ಸಾಯತೈತಿ, ಸಣ್ಣದಾದ್ರ ಭಾಳ ಹೊತ್ತು ಉಳೀತೈತಿ.

"ಫೋರಿಯರ್ ಟ್ರಾನ್ಸ್‌ಫಾರ್ಮ್ ಅಂದ್ರ ಏನ ಇಲ್ಲ ಬೇಟಾ. ಒಂದೊಂದ ಫ್ರೀಕ್ವೆನ್ಸಿ ಮನಿಗೆ ಹೋಗಿ ಬಾಗಿಲ ಬಡದು ಕೇಳೂದು, 'ಈ ಪಲ್ಸಿನ್ಯಾಗ ನಿನ್ನ ಪಾಲ ಎಷ್ಟೈತಿ' ಅಂತ. ಎಲ್ಲಾರ ಪಾಲೂ ಬರಕೊಂಡ ಬಂದ್ರ ಆತು."

ಆ ಪಾಲ ತಗಿಯೂದು ಹೆಂಗಂದ್ರ, ಪಲ್ಸನ್ನ ಆ ಫ್ರೀಕ್ವೆನ್ಸಿಯ ತಿರಗೂ ಪದದಿಂದ ಗುಣಿಸಿ, ಸೊನ್ನಿಯಿಂದ ಅನಂತದ ತನಕ ಇಂಟಿಗ್ರೇಟ್ ಮಾಡಬೇಕು. ಮ್ಯಾಲಿನ ತುದಿ ಸತ್ತು ಹೋಗತೈತಿ, ಯಾಕಂದ್ರ ಪಲ್ಸ್ ಇಳೀತೈತಿ. ಕೆಳಗಿನ ತುದಿ ಒಂದು ಕೊಡತೈತಿ. ಉಳಿಯೂದು ಒಂದು ಭಾಗಿಸು ಎ ಪ್ಲಸ್ ಜೆ ಒಮೇಗಾ, ಒಮೇಗಾ ಅಂದ್ರ ಆ ಫ್ರೀಕ್ವೆನ್ಸಿ. ಇಷ್ಟ ಸಣ್ಣ ಉತ್ತರ.

ಇಷ್ಟ ಸಣ್ಣ ಉತ್ತರಾನೂ ನಾ ಕೆಡಿಸಿದೆ. ಬೋರ್ಡಿಗೆ ಕರದ್ರು, ಹೋದೆ. ಸೊನ್ನಿಯಿಂದ ಶುರು ಮಾಡೂ ಬದಲಿ, ಅದರ ಹಿಂದಿನ ಅನಂತದಿಂದ ಶುರು ಮಾಡಿದೆ. ಇಳಿಯೂ ಪಲ್ಸನ್ನ ಹಿಂದಕ್ಕ ಎಳದ್ರ ಏರಕೋತ ಹೋಗತೈತಿ. ನಾ ಬರದಿದ್ದ ಪಲ್ಸ್ ಕೃಷ್ಣಾ ನದಿ ಹುಟ್ಟೂಕಿಂತ ಮೊದಲ ಒದರಾಕ ಹತ್ತಿತ್ತು. ಉತ್ತರ ಅನಂತ ಬಂತು. ನಾ ಖುಷಿಯಿಂದ ಕೆಳಗ ಎರಡು ಗೆರಿ ಎಳದೆ, ಫೈನಲ್ ಆನ್ಸರ್ ಅಂತ.

ಸರ್ ಸಿಟ್ಟಾಗಲಿಲ್ಲ. ತಾಟ ಕೈಯಾಗ ಕೊಟ್ಟು ಕೇಳಿದ್ರು, "ನಾ ಬಡಿಯೂಕಿಂತ ಮೊದಲ ಇದು ಸಪ್ಪಳ ಮಾಡತಿತ್ತೇನು?"

"ಇಲ್ರಿ."

"ಮತ್ತ ನಿನ್ನ ಪಲ್ಸ್ ಯಾಕ ಹುಟ್ಟೂಕಿಂತ ಮೊದಲ ಅಳತೈತಿ? ಯಾವ ಲೆಕ್ಕಾ ಬಂದ್ರೂ ಮೊದಲ ಇದನ್ನ ಕೇಳು. ಪಲ್ಸ್ ಯಾವಾಗ ಹುಟ್ಟತೈತಿ."

ಅವತ್ತಿಂದ ಕಾಲೇಜಿನ್ಯಾಗ ನನ್ನ ಹೆಸರು ಹೋತು. ಕ್ಯಾಂಟೀನಿನ್ಯಾಗ ಹುಡುಗೀರ ಮುಂದೂ ಬೋರಗಾಂವದ ಗೆಳ್ಯಾ ಒದರಾಂವ, "ಲೇ ಪಲ್ಸ್ಯಾ, ಯಾವಾಗ ಹುಟ್ಟಿದ್ಯೋ?"

ಆಮ್ಯಾಲ ಸರಿಸೂದು, ಹಿಂಡೂದು ಬಂತು. ಸರಿಸೂದಂದ್ರ ತಡ ಮಾಡೂದು. ತಾಟ ಈಗ ಬಡಿಯೂದಕ್ಕಿಂತ ಒಂದು ಘಳಿಗಿ ತಡದು ಬಡದ್ರೂ ಅದ ತಾಟ, ಅದ ಸಪ್ಪಳ, ಅಷ್ಟ ಗಟ್ಟಿ. ಯಾರ ಪಾಲೂ ಕಡಿಮಿ ಆಗೂದಿಲ್ಲ. ಬರೇ ಫೇಸ್, ಅಂದ್ರ ಅಲಿಯ ಕೋನ, ತಿರಗತೈತಿ. ಉತ್ತರಕ್ಕ ಒಂದು ಬಾಲ ಹತ್ತತೈತಿ, ಆ ಬಾಲದಾಗ ಎಷ್ಟ ತಡ ಆಗೇತಿ ಅನ್ನೂದು ಬರದಿರತೈತಿ. ಹಿಂಡೂದಂದ್ರ ವ್ಯಾಳ್ಯಾ ಸಣ್ಣದು ಮಾಡೂದು. ಸರ್ ತಾಟ ಬಡದ ಕೂಡಲೇ ಅಂಗೈ ಹಚ್ಚತಿದ್ರು. ಠಕ್ ಅಂತ ಸಾಯತಿತ್ತು. "ಕೇಳ್ರಿ, ಈಗ ಸ್ವರ ಹೋತು, ಬರೇ ಬಡತ ಉಳೀತು. ವ್ಯಾಳ್ಯಾದಾಗ ಹಿಂಡಿದ್ರ ಫ್ರೀಕ್ವೆನ್ಸಿಯಾಗ ಹರವತೈತಿ. ಭಾಳ ಹೊತ್ತ ಬದುಕಿದ್ದು ಒಂದ ಸ್ವರಕ್ಕ ಅಂಟಕೊಂಡಿರತೈತಿ. ಜಲ್ದಿ ಸತ್ತದ್ದು ಎಲ್ಲಾರ ಮನಿಗೂ ಹೋಗಿ ಬರತೈತಿ."

ಎರಡನ್ನೂ ಕೂಡಿಸಿ ಮಾಡೂವಾಗ ನಾನು ಮತ್ತ ಬಿದ್ದೆ. ಎ ಅಂದ್ರ ಎರಡು ಇರೂ ಪಲ್ಸು. ಅದರಾಗ ಟಿ, ಅಂದ್ರ ವ್ಯಾಳ್ಯಾ, ಇದ್ದಲ್ಲಿ ಮೂರು ಟಿ ಮೈನಸ್ ಆರು ಹಾಕ್ರಿ ಅಂದ್ರು. ಮೊದಲ ಆರು ಸರಿಸು, ಬಾಲದಾಗ ಆರು ಬರತೈತಿ. ಆಮ್ಯಾಲ ಮೂರು ಪಟ್ಟು ಹಿಂಡು: ಒಮೇಗಾ ಇದ್ದಲ್ಲೆಲ್ಲಾ ಒಮೇಗಾ ಭಾಗಿಸು ಮೂರು ಹಾಕು, ಎಲ್ಲಾನೂ ಮೂರರಿಂದ ಭಾಗಿಸು. ನಾ ಉತ್ತರದ ದೇಹಕ್ಕ ಹಾಕಿದೆ, ಬಾಲಕ್ಕ ಹಾಕೂದು ಮರತೆ. ಬಾಲದಾಗ ಆರು ಹಂಗ ಕುಂತಿತು. ಎರಡು ಆಗಬೇಕಿತ್ತು.

"ಲೇ ಮಂಗ್ಯಾ, ಆಕಳ ಮಾರಿ ಬಾಲ ಮನ್ಯಾಗ ಇಟಗೊಂಡಿಯೇನು?" ಅಂದ್ರು ಸರ್. "ಪಲ್ಸ್ ಯಾವಾಗ ಹುಟ್ಟತೈತಿ ಕೇಳು. ಮೂರು ಟಿ ಮೈನಸ್ ಆರು ಸೊನ್ನಿ ಆಗೂದು ಯಾವಾಗ?"

"ಎರಡರಾಗ್ರಿ."

"ಎರಡರಾಗ ಹುಟ್ಟಿದ ಕೂಸಿಗೆ ಆರರ ಬಾಲ ಯಾಕ?"

ಎರಡು ದಿನ ಬಿಟ್ಟು ಮತ್ತ ಅದ ತಪ್ಪು ಮಾಡಿದೆ. ವಾರ ಬಿಟ್ಟು ಮತ್ತ. ಈ ತಪ್ಪಿನ ಮಜಾ ಅಂದ್ರ, ಮ್ಯಾಗ್ನಿಟ್ಯೂಡಿನ ಗ್ರಾಫ್ ತಗದ್ರ ಇದು ಕಾಣೂದ ಇಲ್ಲ. ಬಾಲ ಎಂಥಾದಿದ್ರೂ ಎತ್ತರ ಅಷ್ಟ. ಫೇಸಿನ ಗ್ರಾಫ್ ತಗದಾಗಷ್ಟ ಸಿಕ್ಕೊಂಡ ಬೀಳತೈತಿ. ಅದಕ್ಕ ನಾ ಫೇಸಿನ ಗ್ರಾಫ್ ತಗಿಯೂದನ್ನ ಬಿಟ್ಟಿದ್ದೆ.

ಸರ್ ಟೆಂಪರರಿ ಇದ್ರು. ಆ ವರ್ಷ ಒಂದು ಪರ್ಮನೆಂಟ್ ಜಾಗಾ ಕರದ್ರು. ಸಂದರ್ಶನದ ಜೋಡಿ ಡೆಮೊ ಕ್ಲಾಸ್ ತಗೋಬೇಕು, ಹಿಂದ ಕಮಿಟಿ ಕುಂದರತೈತಿ, ಮುಂದ ನಾವು ವಿದ್ಯಾರ್ಥಿಗೋಳು ಕುಂದರಬೇಕು. ಈ ಜಾಗಾ ಸಿಕ್ಕರ ಚಿಕ್ಕೋಡಿಯಾಗ ಮನಿ ಮಾಡತೀನಿ, ಸಿಗದಿದ್ರ ಮುಂದಿನ ಸೆಮಿಸ್ಟರಿಗೆ ನನ್ನನ್ನ ಕರಿಯೂದಿಲ್ಲ ಅಂತ ಸರ್ ನಮಗ ನೆಟ್ಟಗ ಹೇಳಿದ್ರು. ಆಮ್ಯಾಲ ನನ್ನ ಕಡೆ ನೋಡಿದ್ರು.

"ಬೇಟಾ, ನಿನಗ ಕೈ ಮುಗೀತೀನಿ. ಅವತ್ತ ನೀ ಏನೂ ಮಾತಾಡಬ್ಯಾಡ."

"ಉಸಿರೂ ಆಡೂದಿಲ್ರಿ ಸರ್."

"ಉಸಿರ ಆಡು. ಹೆಣಾ ಕುಂತಿದ್ರ ಕಮಿಟಿಗೆ ಚಲೋ ಕಾಣೂದಿಲ್ಲ."

ಡೆಮೊ ದಿನ ಸರ್ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಬಂದಿದ್ರು. ಹಿಂದ ಮೂವರು ಕುಂತಿದ್ರು: ನಮ್ಮ ಪ್ರಿನ್ಸಿಪಾಲರು, ಹೊರಗಿಂದ ಬಂದ ಎಕ್ಸ್‌ಪರ್ಟ್ ಸಾಹೇಬ್ರು, ಸಂಸ್ಥೆಯ ಒಬ್ಬ ಹಿರಿಯರು. ಹಿರಿಯರು ಕಬ್ಬಿನ ಜಮೀನದಾರ್ರು, ರುಮಾಲ ಸುತ್ತಿದ್ರು. ಸರ್ ಪಿಶವಿಯಿಂದ ತಾಟ ತಗದ್ರು.

"ವಾಟ್ ಈಸ್ ದಟ್?" ಅಂದ್ರು ಎಕ್ಸ್‌ಪರ್ಟ್.

ಸರ್ ಇಂಗ್ಲಿಷಿನ್ಯಾಗ ಏನೋ ಹೇಳಾಕ ಹೋದ್ರು. ಡೆಮಾನ್‌ಸ್ಟ್ರೇಶನ್ ಅನ್ನೂ ಶಬ್ದದಾಗ ನಾಲಗಿ ಸಿಕ್ಕೊಂತು. ಎಕ್ಸ್‌ಪರ್ಟ್ ಕೈ ಮಾಡಿ, ಅದನ್ನ ಒಳಗ ಇಡ್ರಿ, ಬೋರ್ಡಿನ ಮ್ಯಾಲ ಕಲಸ್ರಿ, ಇಂಗ್ಲಿಷಿನ್ಯಾಗಷ್ಟ ಅಂದ್ರು. ಸಿಟ್ಟಿನ ಮನಶ್ಯಾ ಅಲ್ಲ ಅವರು, ಶಾಂತವಾಗಿನ ಹೇಳಿದ್ರು. ಹಿರಿಯರಿಗೆ ಮಾತ್ರ ಬ್ಯಾಸರಾತು. ಅವರಿಗೆ ತಾಟಿನ ಸಪ್ಪಳ ಕೇಳಬೇಕಿತ್ತು.

ಸರ್ ತಾಟ ಒಳಗಿಟ್ರು. ಅವರ ಕೈ ಖಾಲಿ ಆದಂಗ ಅವರ ಮಾತೂ ಖಾಲಿ ಆತು. ನಮ್ಮ ಜೋಡಿ ಕನ್ನಡ, ಮರಾಠಿ, ಉರ್ದು ಮೂರನ್ನೂ ಒಂದ ಪಲ್ಲೆ ಮಾಡಿ ಬಡಸೂ ಮನಶ್ಯಾ, ಒಂದೊಂದ ಇಂಗ್ಲಿಷ್ ಶಬ್ದ ಹುಡಿಕ್ಯಾಡಿ ಇಡಾಕ ಹತ್ತಿದ್ರು. ಇಂಟಿಗ್ರಲ್ ಸರಿಯಾಗಿ ತಗದ್ರು. ಒಂದು ಭಾಗಿಸು ಎರಡು ಪ್ಲಸ್ ಜೆ ಒಮೇಗಾ. ಮೂರು ಟಿ ಮೈನಸ್ ಆರಕ್ಕ ಬಂದ್ರು. ಆರು ಸರಿಸಿದ್ರು, ಬಾಲ ಹಚ್ಚಿದ್ರು. ಮೂರು ಪಟ್ಟು ಹಿಂಡಿದ್ರು. ದೇಹ ಒಂದು ಭಾಗಿಸು ಆರು ಪ್ಲಸ್ ಜೆ ಒಮೇಗಾ ಆತು, ಸರಿ. ಅದರ ಮುಂದ ಬಾಲ ಬರದ್ರು.

ಬಾಲದಾಗ ಆರು.

ನಾ ಕಣ್ಣು ತಿಕ್ಕೊಂಡೆ. ಬೋರ್ಡಿನ ಮ್ಯಾಲ ನನ್ನ ತಪ್ಪು ಇತ್ತು, ಸೆಮಿಸ್ಟರ್ ಪೂರಾ ನಾ ಸಾಕಿದ ತಪ್ಪು, ಸರ್ ಅವರ ಚಂದನ ಅಕ್ಷರದಾಗ. ಬೋರಗಾಂವದಾಂವ ನನ್ನ ತೊಡಿ ಚಿವುಟಿದ. ಅಂವಗೂ ಕಂಡಿತ್ತು.

ಹಿಂದಿಂದ ಎಕ್ಸ್‌ಪರ್ಟ್, ಇದರ ಮ್ಯಾಗ್ನಿಟ್ಯೂಡ್ ಗ್ರಾಫ್ ತಗೀರಿ ಅಂದ್ರು. ಸರ್ ತಗದ್ರು. ನಡುವ ಎತ್ತರ, ಎರಡೂ ಕಡೆ ಇಳಿಜಾರು. ಸರಿ ಇತ್ತು, ಯಾಕಂದ್ರ ಬಾಲದ ತಪ್ಪು ಅಲ್ಲಿ ಕಾಣೂದಿಲ್ಲ. ನಾ ಉಸಿರು ಬಿಟ್ಟೆ. ಆಗ ಎಕ್ಸ್‌ಪರ್ಟ್, "ನೌ ದ ಫೇಸ್," ಅಂದ್ರು.

ಕೈ ಎತ್ತಬ್ಯಾಡ ಅಂತ ನನಗ ಗೊತ್ತಿತ್ತು. ಸರ್ ತಪ್ಪು ಬರದಾರ ಅಂತ ನಾ ಹೇಳೂಹಂಗ ಇದ್ದಿಲ್ಲ. ಸುಮ್ಮ ಕುಂತ್ರ ಎಕ್ಸ್‌ಪರ್ಟ್ ಹೇಳತಿದ್ರು. ನನಗ ಚಲೋ ಬರೂ ಕೆಲಸ ಒಂದ ಇತ್ತು, ಹುಚ್ಚ ಆಗೂದು. ಎದ್ದ ನಿಂತೆ. ಏಳೂವಾಗ ಬೆಂಚಿನ ಮೊಳಿಗೆ ಪ್ಯಾಂಟ್ ಸಿಕ್ಕು ಪರ್ರನ ಹರೀತು. ಅದು ಯೋಜನಾದಾಗ ಇದ್ದಿಲ್ಲ.

"ಸರ್," ಅಂದೆ, ಹಿಂದ ಕೈ ಅಡ್ಡ ಹಿಡಕೊಂಡು, "ನನಗ ತಿಳೀಲಿಲ್ರಿ. ಈ ಪಲ್ಸ್ ಯಾವಾಗ ಹುಟ್ಟತೈತ್ರಿ?"

ಎಲ್ಲಾರೂ ನಕ್ಕರು. ಹಿರಿಯರಂತೂ ರುಮಾಲ ಅಳ್ಳಾಡೂಹಂಗ ನಕ್ಕರು. ಸರ್ ನಗಲಿಲ್ಲ. ನನ್ನ ನೋಡಿದ್ರು, ತಿರುಗಿ ಬೋರ್ಡ್ ನೋಡಿದ್ರು. ಬಾಲದ ಮ್ಯಾಲ ಅವರ ಕಣ್ಣು ನಿಂತದ್ದು ನನಗ ಕಂಡಿತು. ಡಸ್ಟರ್ ತಗೊಂಡು ಆರು ಅಳಿಸಿ ಎರಡು ಬರದ್ರು.

ಆಮ್ಯಾಲ ಸರ್ ನನ್ನ ಕಡೆ ತಿರುಗಿ ಕನ್ನಡದಾಗ ಶುರು ಮಾಡಿದ್ರು. "ಚಲೋ ಕೇಳಿದಿ ಬೇಟಾ. ಎರಡರಾಗ ಹುಟ್ಟಿದ ಕೂಸಿಗೆ ಎರಡರದ ಬಾಲ. ಹಿಂಡಿದ್ರ ದೇಹಾನೂ ಹಿಂಡಬೇಕು, ಬಾಲಾನೂ ಹಿಂಡಬೇಕು. ನಾ ಈಗ ಮಾಡಿದ ತಪ್ಪು ನೋಡಿದ್ರೆಲಾ, ಇದನ್ನ ಎಲ್ಲಾರೂ ಮಾಡತಾರ. ಇದು ಎತ್ತರದಾಗ ಕಾಣೂದಿಲ್ಲ, ಫೇಸಿನ್ಯಾಗ ಕಾಣತೈತಿ." ತಪ್ಪನ್ನ ಮುಚ್ಚಲಿಲ್ಲ ಅವರು. ಪಿಶವಿಯಿಂದ ತಾಟ ಮತ್ತ ಹೊರಗ ಬಂತು. ಬಡದ್ರು, ಅಂಗೈ ಹಚ್ಚಿದ್ರು. ತಡದು ಬಡದ್ರು. ಫೇಸಿನ ಗೆರಿ ಸರಾಗ ಬಂತು. ಹಿರಿಯರು ಮುಂದಕ್ಕ ಬಾಗಿ ಕುಂತು, "ಅಂದ್ರ ತಡ ಆದ್ರೂ ಜೋರ ಕಡಿಮಿ ಆಗೂದಿಲ್ಲೇನ್ರಿ ಮಾಸ್ತರ?" ಅಂತ ಕೇಳಿದ್ರು. ಅಷ್ಟ ಚಲೋ ಕ್ಲಾಸ್ ಸರ್ ಅದಕ್ಕಿಂತ ಮೊದಲ ತಗೊಂಡಿದ್ದಿಲ್ಲ. ಎಕ್ಸ್‌ಪರ್ಟ್ ಕೈ ಕಟ್ಟಿ ಪೂರಾ ಕೇಳಿದ್ರು. ಕಡೀಕ "ಥ್ಯಾಂಕ್ಯೂ" ಅಂದು ಎದ್ರು.

ನಾ ಹರದ ಪ್ಯಾಂಟಿಗೆ ಅಂಗಿ ಇಳಿಬಿಟ್ಟು ಕ್ಯಾಂಟೀನಿಗೆ ಹೋಗಿ ಎಲ್ಲಾರಿಗೂ ಚಾ ಹೇಳಿದೆ. ಸರ್ ಪರ್ಮನೆಂಟ್ ಆದ್ರು ಅಂತ ನಾನ ಡಂಗುರ ಸಾರಿದೆ. ಅವರಿಗಾಗಿ ಚಿಕ್ಕೋಡಿಯಾಗ ಬಾಡಿಗಿ ಮನಿ ನೋಡಾಕ ಹೊಂಟೆ, ಒಂದು ಮನಿ ಮಾಲಕನ ಜೋಡಿ ನೀರಿನ ಬಗ್ಗೆ ಜಗಳಾನೂ ಮಾಡಿ ಬಂದೆ.

ವಾರದಾಗ ನೋಟಿಸ್ ಬೋರ್ಡಿಗೆ ಹೆಸರು ಹಚ್ಚಿದ್ರು. ಬ್ಯಾರೇದವರ ಹೆಸರು.

ಸರ್ ಅವತ್ತೂ ಕ್ಲಾಸಿಗೆ ಬಂದ್ರು. ಉಳಿದ ಪೋರ್ಶನ್ ಮುಗಿಸಿದ್ರು. ತಾಟ ತಂದಿದ್ದಿಲ್ಲ. ಕ್ಲಾಸ್ ಮುಗದ ಮ್ಯಾಲ ನಾನು ಬೋರಗಾಂವದಾಂವ ಅವರ ಹಿಂದ ಬಸ್ ಸ್ಟ್ಯಾಂಡಿಗೆ ಹೋದ್ವಿ. ರಾಯಬಾಗದ ಬಸ್ ಇನ್ನೂ ಬಂದಿದ್ದಿಲ್ಲ. ಸರ್ ಶೇಂಗಾ ತಗೊಂಡು ಮೂರು ಪಾಲ ಮಾಡಿದ್ರು.

"ಸರ್, ನಾ ಕೇಳದಿದ್ರ ನೀವು ಇಂಗ್ಲಿಷಿನ್ಯಾಗ ಮುಗಸತಿದ್ರಿ," ಅಂದೆ.

"ಮುಗಸತಿದ್ದೆ, ಆರರ ಬಾಲ ಹಿಡಕೊಂಡು."

"ಕಮಿಟಿಯವರು ಏನಂದ್ರಂತ್ರಿ?" ಬೋರಗಾಂವದಾಂವ ಕೇಳಿದ.

"ಕಲಸೂದು ಭಾಳ ಚಲೋ ಐತಿ ಅಂದ್ರಂತ. ಇಂಗ್ಲಿಷ್ ಇಲ್ಲ ಅಂದ್ರಂತ. ಎರಡೂ ಖರೇ." ಶೇಂಗಾ ಸಿಪ್ಪಿ ಊದಿದ್ರು. "ಹಿರಿಯರು ಮಾತ್ರ ನನ್ನ ಕೈ ಹಿಡದು, ಮಾಸ್ತರ, ಆ ತಾಟ ಎಲ್ಲಿ ಸಿಗತೈತಿ ಅಂತ ಕೇಳಿದ್ರು. ನಮ್ಮ ಅಣ್ಣನ ಅಂಗಡಿ ಪತ್ತಾ ಕೊಟ್ಟೆ. ಒಬ್ಬ ಗಿರಾಕಿ ಆದ."

ಸರ್ ನನ್ನ ಬೆನ್ನ ಮ್ಯಾಲ ಕೈ ಇಟ್ರು.

"ಅವತ್ತ ಹುಚ್ಚ ಆಗಿ ನಿಂತೆಲ್ಲ, ನನಗ ಗೊತ್ತಾಗಿತ್ತು. ನಿನಗ ಲೆಕ್ಕಾ ಬಂದೈತಿ. ಇನ್ನ ಮ್ಯಾಲ ಫೇಸಿನ ಗ್ರಾಫ್ ತಗಿ, ಹೆದರಬ್ಯಾಡ."

ಬಸ್ ಬಂತು. ಕಿಡಕಿ ಕಡೆ ಕುಂತು ಕೈ ಮಾಡಿದ್ರು. ಬಸ್ ಹೋದ ಮ್ಯಾಲೂ ನಾವಿಬ್ರೂ ಅಲ್ಲೇ ನಿಂತು ಶೇಂಗಾ ತಿಂದ್ವಿ. ಅವು ಮುಗೀಬಾರದು ಅಂತ ಒಂದೊಂದ ಬೀಜಾ ತಿಂದ್ವಿ.

ಪರೀಕ್ಷಾಕ್ಕ ಮೊದಲ ರಿವಿಜನ್ ತಗೊಳ್ಳಾಕ ಹೊಸ ಮೇಡಂ ಬಂದ್ರು. ಒಳ್ಳೇವ್ರ. ಇಂಗ್ಲಿಷಿನ್ಯಾಗ ನೋಟ್ಸ್ ಹೇಳತಿದ್ರು, ನಾವು ಬರಕೋತಿದ್ವಿ. ಕ್ಲಾಸಿನ್ಯಾಗ ನಾ ಮತ್ತ ನಿದ್ದಿ ಹೊಡ್ಯಾಕ ಶುರು ಮಾಡಿದೆ. ಏಳಸೂ ಸಪ್ಪಳ ಇದ್ದಿಲ್ಲ.

ಪರೀಕ್ಷಾದಾಗ ಸರಿಸಿ ಹಿಂಡೂ ಪ್ರಶ್ನಿ ಬಂತು. ಅಂಕಿ ಬ್ಯಾರೇ, ಕೂಸು ಅದ. ಮೊದಲ ಯಾವಾಗ ಹುಟ್ಟತೈತಿ ಅಂತ ಬದಿಗೆ ಬರದುಕೊಂಡೆ. ಬಾಲ ಹಿಂಡಿದೆ. ಫೇಸಿನ ಗ್ರಾಫ್ ತಗದೆ. ಪಾಸ್ ಆದೆ, ಆ ಒಂದ ವಿಷಯದಾಗ ಚಲೋತ್ನಂಗ. ನಮ್ಮ ಅಪ್ಪಗ ಹೇಳಿದ್ರ, "ಅಂದ್ರ ಈಗ ಟಿ.ವಿ. ರಿಪೇರಿ ಬರತೈತೇನು?" ಅಂದ.

ಇದನ್ನ ತಿಳಿಯೂ ಒಬ್ಬ ಮನಶ್ಯಾಗ ಹೇಳಬೇಕು ಅಂತ ಕುಡಚಿಗೆ ಹೋದೆ. ಬಾಜಾರದಾಗ ಭಾಂಡೆ ಅಂಗಡಿ ಕೇಳಕೋತ ಹೋದ್ರ ದೂರದಿಂದನ ಸಪ್ಪಳ ಕೇಳಿತು. ಅಣ್ಣನ ಅಂಗಡ್ಯಾಗ ಸರ್ ಕುಂತಿದ್ರು, ಲುಂಗಿ, ಅರ್ಧ ತೋಳಿನ ಬನೀನು. ಸುತ್ತಲೂ ಕೊಡ, ಪಾತೇಲಿ. ಮುಂದ ಒಬ್ಬ ಅಜ್ಜಿ ಮೊಮ್ಮಗಳ ಮದವಿಗೆ ಕಂಚಿನ ತಾಟ ಆರಿಸಾಕತ್ತಿದ್ಲು. ಸರ್ ಒಂದೊಂದ ತಾಟ ಬೆರಳ ತುದಿ ಮ್ಯಾಲ ಎತ್ತಿ, ಗೆಣ್ಣಿಲೆ ಬಡದು, ಕಿವಿ ಹತ್ರ ಹಿಡದು ನೋಡತಿದ್ರು.

ನನ್ನ ನೋಡಿ ಎದ್ದ ನಿಂತ್ರು. ನಾ ಪಾಸ್ ಆದದ್ದು ಹೇಳಿದೆ. ಫೇಸ್ ತಗದದ್ದು ಹೇಳಿದೆ. ಅವರು ಭಾಳ ಹೊತ್ತು ನನ್ನ ಕೈ ಬಿಡಲಿಲ್ಲ.

"ಮತ್ತೆಲ್ಲೂ ಕಲಸಾಕ ಹೋಗಲಿಲ್ಲೇನ್ರಿ ಸರ್?"

"ಎರಡು ಕಡೆ ಡೆಮೊ ಕೊಟ್ಟೆ. ತಾಟ ಒಯ್ಯಲಿಲ್ಲ," ಅಂದ್ರು. ಅಷ್ಟ.

"ಇದು ಬಿರಕ ಬಿಟ್ಟಿಲ್ಲ ಹೌದಿಲ್ಲೋ ತಮ್ಮಾ?" ಅಂತ ಅಜ್ಜಿ ಒಂದು ತಾಟ ಮುಂದ ಹಿಡದ್ಲು.

ಸರ್ ಅದನ್ನ ಬಡದ್ರು. ಠಕ್ ಅಂದು ಸತ್ತಿತು. "ಬ್ಯಾಡ ಅವ್ವಾ, ಇದನ್ನ ಬಿಡು, ಬಿರಕ ಐತಿ," ಅಂತ ಬದಿಗಿಟ್ಟು, ನನ್ನ ಕಡೆ ಸ್ವಲ್ಪ ಬಾಗಿ ಮೆಲ್ಲಕ ಅಂದ್ರು, "ಇದರ ಎ ಭಾಳ ದೊಡ್ಡದೈತಿ."

ಅದನ್ನ ಕೇಳಿ ನಗಬೇಕಿತ್ತು ನಾನು. ಆ ಅಂಗಡ್ಯಾಗ, ಆ ಬಾಜಾರದಾಗ, ಅದು ತಿಳಿಯೂ ವಿದ್ಯಾರ್ಥಿ ನಾ ಒಬ್ಬನ ಇದ್ದೆ. ಬದಿಗಿಟ್ಟ ಆ ತಾಟ ಕೈಯಾಗ ತಗೊಂಡು ಬಿರಕ ಹುಡಿಕ್ಯಾಡಿದೆ.

ಸರ್ ಇನ್ನೊಂದು ತಾಟ ತಗೊಂಡ್ರು. ಹುರಿ ಇದ್ದಿಲ್ಲ, ಬೆರಳ ಮ್ಯಾಲ ತೂಗಿ ಬಡದ್ರು. ಅದು ಸರಿಯಾದದ್ದಿತ್ತು. ಸಪ್ಪಳ ಎದ್ದು, ಇಳಕೋತ ಹೋತು. ಇಬ್ರೂ ಕೇಳಕೋತ ನಿಂತ್ವಿ. ಕಿವಿ ಸೋತ ಮ್ಯಾಲೂ ನಿಂತಿದ್ವಿ.

"ಇದನ್ನ ಮಾರತೀಯೋ ಇಲ್ಲೋ ತಮ್ಮಾ?" ಅಂದ್ಲು ಅಜ್ಜಿ.

"ಮಾರತೀನಿ ಅವ್ವಾ," ಅಂದ್ರು ಸರ್. ತಾಟಿಗೆ ಕಾಗದ ಸುತ್ತಾಕ ಕುಂತ್ರು.